ಆಸ್ಪತ್ರೆಯಿಂದ ಮನೆಗೆ ಒಯ್ಯಬೇಕಾದ ಹಾಳೆ

ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದವರ ಮನೆಯವರನ್ನು ಎರಡು ಭಯಗಳು ಕಾಡುತ್ತವೆ. ಮೊದಲನೆಯದು ಆಸ್ಪತ್ರೆಯಲ್ಲಿ: ಜೀವ ಉಳಿದೀತೇ ಎಂಬುದು. ಎರಡನೆಯದು ಅವರನ್ನು ಮನೆಗೆ ಕರೆತಂದ ಮೊದಲ ರಾತ್ರಿ: ಇನ್ನೊಮ್ಮೆ ಹಾಗೆ ಮಾಡಿಕೊಂಡರೆ ಎಂಬುದು. ಮೊದಲನೆಯ ಭಯಕ್ಕೆ ವೈದ್ಯರು ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ ಉತ್ತರ ತಿಳಿಯದೆ ಮನೆಮಂದಿ ಸರದಿಯ ಮೇಲೆ ಎಚ್ಚರವಿದ್ದು ಕಾವಲು ಕೂರುತ್ತಾರೆ. ಇಲ್ಲವೇ ರೋಗಿಯ ಕೈಯನ್ನು ದೇವರ ಪಟದ ಮುಂದಿರಿಸಿ ಆಣೆ ಹಾಕಿಸಿಕೊಳ್ಳುತ್ತಾರೆ. ಕಾವಲು ಎಷ್ಟು ದಿನ ನಡೆದೀತು? ಆಣೆಯಾದರೂ ಏನು ಮಾಡಬಾರದೆಂದು ಹೇಳುವುದೇ ಹೊರತು, ಆ ಕೆಟ್ಟ ಗಳಿಗೆ ಬಂದಾಗ ಏನು ಮಾಡಬೇಕೆಂದು ಹೇಳುವುದಿಲ್ಲ. ಆಣೆ ಮುರಿಯುವ ಹಂತಕ್ಕೆ ಬಂದವರು ನಾಚಿಕೆಯಿಂದ ಬಾಯಿ ಬಿಡದೆ ಹೋಗುವುದೂ ಉಂಟು.

ಆಸ್ಪತ್ರೆಯಿಂದ ಹಿಂದಿರುಗಿದ ಮೊದಲ ಕೆಲವು ವಾರಗಳೇ ಹೆಚ್ಚು ಅಪಾಯದ ಕಾಲವೆಂದು ಮನೋವೈದ್ಯರು ಬಲ್ಲರು. ಆ ಕಾಲವನ್ನು ದಾಟಿಸಲೆಂದು ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್, ಒಂದು ಸರಳ ಕ್ರಮವನ್ನು ರೂಪಿಸಿದರು. ಅದರ ಕೈಪಿಡಿ 2008ರಲ್ಲಿ ಅಲ್ಲಿನ ನಿವೃತ್ತ ಸೈನಿಕರ ಆಸ್ಪತ್ರೆಗಳಿಗಾಗಿ ಸಿದ್ಧವಾಯಿತು. ಇಂದು ಅನೇಕ ದೇಶಗಳಲ್ಲಿ ಅದು ಬಳಕೆಯಲ್ಲಿದೆ. ರೋಗಿಯೂ ವೈದ್ಯರೂ ಅಕ್ಕಪಕ್ಕದಲ್ಲಿ ಕುಳಿತು, ಅರ್ಧ ಮುಕ್ಕಾಲು ಗಂಟೆಯಲ್ಲಿ, ಒಂದೇ ಹಾಳೆಯ ಮೇಲೆ ಆರು ಮೆಟ್ಟಿಲುಗಳನ್ನು ಬರೆಯುತ್ತಾರೆ. ಇದಕ್ಕೆ ಸುರಕ್ಷಾ ಯೋಜನೆ ಎಂದು ಹೆಸರು. ನಾವು ಇಲ್ಲಿ ಅದನ್ನು ಸುರಕ್ಷೆಯ ಹಾಳೆ ಎನ್ನೋಣ.

ಈ ಹಾಳೆಯ ಹಿಂದಿರುವ ತಿಳಿವಳಿಕೆ ಇಷ್ಟೇ. ಸಾಯಬೇಕೆಂಬ ತುಡಿತವು ಒಂದೇ ಮಟ್ಟದಲ್ಲಿ ನಿಂತಿರುವುದಿಲ್ಲ. ಅಲೆಯಂತೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ತುದಿಯ ಕಾಲ ಅನೇಕರಲ್ಲಿ ಬಹಳ ದೀರ್ಘವಲ್ಲ. ಕೆಲವೊಮ್ಮೆ ನಿಮಿಷಗಳು, ಕೆಲವೊಮ್ಮೆ ಗಂಟೆಗಳು. ಆ ಹೊತ್ತಿನಲ್ಲಿ ಬುದ್ಧಿಯ ಕಣ್ಣು ಕಿರಿದಾಗಿ, ಇರುವ ದಾರಿಗಳಲ್ಲಿ ಒಂದೇ ದಾರಿ ಕಾಣುತ್ತದೆ. ಆಗ ಹೊಸದಾಗಿ ಯೋಚಿಸು ಎಂದರೆ ಆಗುವ ಮಾತಲ್ಲ. ಆದ್ದರಿಂದ ಮನಸ್ಸು ತಿಳಿಯಾಗಿರುವಾಗಲೇ ಯೋಚಿಸಿ, ಬರೆದು, ಕೈಗೆಟಕುವಂತೆ ಇಡಬೇಕು. ಅಲೆ ಇಳಿಯುವ ತನಕ ಕಾಲವನ್ನು ಗಳಿಸಿಕೊಡುವುದೇ ಹಾಳೆಯ ಕೆಲಸ.

ಇದು ನಡೆಯುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಇದು ಯಾರೊಬ್ಬರ ಕಥೆಯೂ ಅಲ್ಲ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಚಿತ್ರ. ಮೈಸೂರಿನ ಒಬ್ಬ ಗೃಹಸ್ಥರು, ವಯಸ್ಸು 38, ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವವರು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಹೃದ್ರೋಗವಿರುವ ತಂದೆ. ತಂಗಿಯ ಮದುವೆಗೆಂದು ಮಾಡಿದ ಸಾಲ ಬೆಳೆದು ನಿಂತಿದೆ. ನಾಲ್ಕಾರು ತಿಂಗಳಿಂದ ನಿದ್ರೆ ಕೆಟ್ಟಿದೆ. ಒಂದು ರಾತ್ರಿ ತಂದೆಯ ಮಾತ್ರೆಗಳನ್ನು ನುಂಗಿಬಿಟ್ಟರು. ಹೆಂಡತಿಗೆ ಎಚ್ಚರವಾಗಿ ಆಸ್ಪತ್ರೆಗೆ ಸೇರಿಸಿದರು. ಈಗ ನಾಲ್ಕನೆಯ ದಿನ. ದೇಹ ಸುಧಾರಿಸಿದೆ, ಅಮಲಿಲ್ಲ, ಮಾತು ಸ್ಪಷ್ಟವಾಗಿದೆ. ಮನೋವೈದ್ಯೆ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಾರೆ.

ವೈದ್ಯೆ ಮೊದಲು ಹಾಳೆಯನ್ನು ತೆಗೆಯುವುದಿಲ್ಲ. ಆ ದಿನದ ಕಥೆಯನ್ನು ಕೇಳುತ್ತಾರೆ. “ಆ ರಾತ್ರಿಗೆ ಮುಂಚೆ ಹಗಲು ಹೇಗಿತ್ತು? ಬೆಳಗಿನಿಂದ ಹೇಳಿ.” ಬುದ್ಧಿವಾದವಿಲ್ಲ, ಮಕ್ಕಳ ಮುಖ ನೋಡಬಾರದಿತ್ತೇ ಎಂಬ ಪ್ರಶ್ನೆಯಿಲ್ಲ. ಗಂಟೆಯ ಮೇಲೆ ಗಂಟೆ ಕಥೆಯನ್ನು ಬಿಡಿಸುತ್ತಾರೆ. ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆಂದು ಮನೆಯವರು ಹೆದರುವುದುಂಟು. ಅದು ತಪ್ಪು. ಬಚ್ಚಿಟ್ಟುಕೊಂಡಿದ್ದುದನ್ನು ಹೇಳಿಕೊಂಡವರಿಗೆ ಬಹುಮಟ್ಟಿಗೆ ಹಗುರವೇ ಆಗುತ್ತದೆ.

ಕಥೆ ಮುಗಿದ ಮೇಲೆ ವೈದ್ಯೆ ಅದರ ಏರಿಳಿತವನ್ನು ತೋರಿಸುತ್ತಾರೆ: “ಮಧ್ಯಾಹ್ನದಿಂದ ಏರುತ್ತ ಬಂತು. ರಾತ್ರಿ ಎರಡಕ್ಕೆ ತುದಿ ಮುಟ್ಟಿತು. ಬೆಳಗ್ಗೆ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಬದುಕಿದೆನಲ್ಲಾ ಅನ್ನಿಸಿತು ಎಂದಿರಿ. ಎಂದರೆ ಅದು ಇಳಿಯಿತು.” ಆಮೇಲೆ ಹಾಳೆಯನ್ನೂ ಪೆನ್ನನ್ನೂ ಅವರ ಕೈಗೆ ಕೊಡುತ್ತಾರೆ. ಕೈ ನಡುಗುತ್ತಿದ್ದರೆ ವೈದ್ಯೆಯೇ ಬರೆಯಬಹುದು. ಮಾತು ಮಾತ್ರ ರೋಗಿಯದೇ ಆಗಿರಬೇಕು.

ಮೊದಲನೆಯ ಮೆಟ್ಟಿಲು ಮುನ್ಸೂಚನೆಗಳು. ಹಾಳೆಯನ್ನು ಕೈಗೆತ್ತಿಕೊಳ್ಳಬೇಕಾದ ಹೊತ್ತು ಬಂದಿದೆಯೆಂದು ತಿಳಿಯುವುದು ಹೇಗೆ? ನಮ್ಮ ಗೃಹಸ್ಥರು ಮೊದಲು “ಬೇಜಾರಾದಾಗ” ಎಂದು ಬರೆದರು. ಬೇಜಾರು ಯಾರಿಗೆ ಯಾವಾಗ ಆಗುವುದಿಲ್ಲ? ಇಷ್ಟು ಅಗಲವಾದ ಮಾತಿನಿಂದ ಎಚ್ಚರಿಕೆಯ ಗಂಟೆ ಹೊಡೆಯುವುದಿಲ್ಲ. ವೈದ್ಯೆ ಅದನ್ನು ಅಳಿಸಲಿಲ್ಲ. “ಆ ದಿನದ ಬೇಜಾರು ಬೇರೆ ದಿನದ ಬೇಜಾರಿನಂತಿತ್ತೇ?” ಎಂದು ಕೇಳಿದರು. ಆಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಇಲ್ಲ. ಆವತ್ತು ಡಬ್ಬಿ ತೆಗೀಲೇ ಇಲ್ಲ. ಸಾಲದವರ ಫೋನು ಬಂದ್ರೆ ತಲೆಕೆಳಗೆ ಮಾಡಿ ಇಟ್ಟೆ. ರಾತ್ರಿ ಎಚ್ಚರ ಆದಾಗ ಒಂದೇ ಮಾತು ಸುತ್ತುತಾ ಇತ್ತು, ನಾನಿಲ್ದೇ ಇದ್ರೆ ಇವರಿಗೆಲ್ಲ ಹಗುರ ಅಂತ.” ಮೂರು ಸೂಚನೆಗಳು ಸಿಕ್ಕವು: ಒಂದು ನಡವಳಿಕೆ, ಇನ್ನೊಂದು ನಡವಳಿಕೆ, ಒಂದು ಯೋಚನೆ. ಮೂರೂ ಅವರ ಮಾತಿನಲ್ಲೇ ಹಾಳೆಗೆ ಹೋದವು. ಆ ಕೊನೆಯ ಯೋಚನೆ ನಿಜವಲ್ಲವೆಂದು ವಾದಿಸಲು ವೈದ್ಯೆ ಆಗ ಹೊರಡಲಿಲ್ಲ. “ಇದು ರೋಗ ಬಂದಾಗ ಬರುವ ಮಾತು. ಜ್ವರಕ್ಕೆ ಮೈ ಬಿಸಿಯಾದಂತೆ. ಬಂದೊಡನೆ ಗುರುತು ಹಿಡಿಯೋಣ” ಎಂದಷ್ಟೇ ಹೇಳಿದರು.

ಇಲ್ಲಿ ಸ್ವಂತ ಮಾತು ಏಕೆ ಬೇಕೆಂಬುದೂ ತಿಳಿಯುತ್ತದೆ. ವೈದ್ಯೆ “ಖಿನ್ನತೆಯ ಲಕ್ಷಣಗಳು ಉಲ್ಬಣಿಸಿದಾಗ” ಎಂದು ಬರೆಸಿದ್ದರೆ ಶಾಸ್ತ್ರಕ್ಕೆ ಸರಿಯಾಗುತ್ತಿತ್ತು; ಆದರೆ ರಾತ್ರಿ ಎರಡು ಗಂಟೆಗೆ ಆ ಮನುಷ್ಯ ತನ್ನ ಸ್ಥಿತಿಯನ್ನು ಆ ಹೆಸರಿನಿಂದ ಕರೆಯುವುದಿಲ್ಲ. ತೆರೆಯದ ಊಟದ ಡಬ್ಬಿಯನ್ನು ಮಾತ್ರ ಗುರುತಿಸಬಲ್ಲ.

ಎರಡನೆಯ ಮೆಟ್ಟಿಲು, ಯಾರ ನೆರವೂ ಇಲ್ಲದೆ ತಾನೊಬ್ಬನೇ ಮಾಡಬಹುದಾದ ಕೆಲಸಗಳು. ಸಾಲವನ್ನು ತೀರಿಸುವ ಉಪಾಯ ಇಲ್ಲಿ ಬೇಡ. ಮನಸ್ಸನ್ನು ಸ್ವಲ್ಪ ಹೊತ್ತು ಬೇರೆ ಕಡೆ ಹಿಡಿದಿಡುವ ಕೆಲಸ ಸಾಕು. ಪ್ರಾಣಾಯಾಮ, ಧ್ಯಾನ ಎಂದು ಬರೆಸಿಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ರೂಢಿಯಿರುವವರಿಗೆ ಅದು ಸರಿ. ನಮ್ಮ ಗೃಹಸ್ಥರನ್ನು ಕೇಳಿದಾಗ “ಕಣ್ಣು ಮುಚ್ಚಿದ್ರೆ ಇನ್ನೂ ಜಾಸ್ತಿ ಆಗುತ್ತೆ ಮೇಡಂ” ಎಂದರು. ಹಾಗಾದರೆ ಹಿಂದೆ ಯಾವುದರಿಂದ ಮನಸ್ಸು ತಿರುಗಿದೆ? “ಹಳೇ ಕ್ರಿಕೆಟ್ ಮ್ಯಾಚು ನೋಡಿದ್ರೆ ಹೊತ್ತು ಗೊತ್ತಾಗಲ್ಲ. ಬೆಳಗ್ಗೆ ಕಾಫಿ ಡಿಕಾಕ್ಷನ್ ನಾನೇ ಹಾಕೋದು.”

ಇಲ್ಲಿ ವೈದ್ಯೆ ಎರಡು ಪ್ರಶ್ನೆಗಳನ್ನು ಕೇಳಿದರು. ಪ್ರತಿಯೊಂದು ಮೆಟ್ಟಿಲಿನಲ್ಲೂ ಕೇಳಬೇಕಾದ ಪ್ರಶ್ನೆಗಳವು. ಮೊದಲನೆಯದು: “ಆ ಹೊತ್ತಿನಲ್ಲಿ ನಿಜವಾಗಿ ಇದನ್ನು ಮಾಡುತ್ತೀರೆಂದು ಎಷ್ಟರಮಟ್ಟಿಗೆ ಅನಿಸುತ್ತದೆ?” ಎರಡನೆಯದು: “ಅಡ್ಡಿ ಏನು ಬರಬಹುದು?” ಅಡ್ಡಿ ಕೂಡಲೇ ಸಿಕ್ಕಿತು. ಮ್ಯಾಚು ನೋಡುವುದು ಫೋನಿನಲ್ಲಿ. ಸಾಲದವರ ಸಂದೇಶಗಳು ಬರುವುದೂ ಅದೇ ಫೋನಿಗೆ. ಕ್ರಿಕೆಟ್ ನೋಡಲು ಹೋಗಿ ಅವನ್ನು ಓದಿದರೆ ಕೆಟ್ಟಿತು. ಆದ್ದರಿಂದ “ಫೋನು ಚಾರ್ಜಿಗೆ ಹಾಕಿ, ಹಾಲಿನ ಟಿವಿಯಲ್ಲಿ, ಸದ್ದು ಸಣ್ಣಗೆ ಮಾಡಿ” ಎಂದು ತಿದ್ದಿಕೊಂಡರು. ಕಾಫಿಯ ಮಾತಿಗೆ ವೈದ್ಯೆ ಒಂದು ಕ್ಷಣ ಯೋಚಿಸಿದರು. ನಿದ್ರೆಯಿಲ್ಲದವರಿಗೆ ಅಪರಾತ್ರಿಯ ಕಾಫಿ ಒಳ್ಳೆಯದಲ್ಲ. ಆದರೆ ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಸುರಿದು, ತೊಟ್ಟು ತೊಟ್ಟಾಗಿ ಇಳಿಯುವುದನ್ನು ನೋಡುತ್ತ ನಿಲ್ಲುವುದಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಆ ಕಾಲು ಗಂಟೆ ಬೇಕು. “ಹಾಕಿ. ಕುಡಿಯುವುದು ಬೆಳಗ್ಗೆ” ಎಂದರು. ಅವರು ಮೊದಲ ಬಾರಿಗೆ ನಕ್ಕರು.

ಅದರಿಂದಲೂ ಅಲೆ ಇಳಿಯದಿದ್ದರೆ ಮೂರನೆಯ ಮೆಟ್ಟಿಲು: ಮನಸ್ಸನ್ನು ಬೇರೆಡೆಗೆ ಸೆಳೆಯುವ ಜನ ಮತ್ತು ಸ್ಥಳ. ಇವರಿಗೆ ತನ್ನ ಸಂಕಟವನ್ನು ಹೇಳಬೇಕಾಗಿಲ್ಲ. ಸುಮ್ಮನೆ ನಾಲ್ಕು ಮಾತು, ಮನುಷ್ಯರ ನಡುವೆ ಇರುವುದು, ಅಷ್ಟೇ. ಗೃಹಸ್ಥರು ಮೊದಲು “ಆಫೀಸಿನ ಸ್ನೇಹಿತರ ಜತೆ ಕೂತ್ಕೋತೀನಿ” ಎಂದರು. “ಎಲ್ಲಿ ಕೂರುತ್ತೀರಿ?” ಎಂಬ ಸಣ್ಣ ಪ್ರಶ್ನೆಯಿಂದ ಅದು ಮದ್ಯದಂಗಡಿಯೆಂದು ತಿಳಿಯಿತು. ಕುಡಿತವು ತಾತ್ಕಾಲಿಕವಾಗಿ ಮರೆಸಿದಂತೆ ಮಾಡಿ, ತಡೆಯುವ ಬುದ್ಧಿಯನ್ನೇ ಮೊದಲು ಸಡಿಲಿಸುತ್ತದೆ. “ಅಲ್ಲಿಂದ ಮನೆಗೆ ಬಂದ ಮೇಲೆ ಹೇಗಿರುತ್ತದೆ?” ಎಂದಾಗ ಅವರೇ ಆ ಸಾಲನ್ನು ಹೊಡೆದುಹಾಕಿದರು. ವೈದ್ಯೆ ಹೊಡೆದಿದ್ದರೆ ಅದು ಉಪದೇಶವಾಗುತ್ತಿತ್ತು. ಬದಲಿಗೆ, ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗನ ಹೆಸರು ಬಂತು. ಇಲ್ಲಿ ಅಪರಾತ್ರಿಯಾದಾಗ ಅಲ್ಲಿ ಹಗಲು, ಆದ್ದರಿಂದ ಯಾರನ್ನೂ ಎಬ್ಬಿಸಿದಂತಾಗುವುದಿಲ್ಲ. ಬೆಳಗಿನ ಹೊತ್ತಾದರೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲು.

ನಾಲ್ಕನೆಯ ಮೆಟ್ಟಿಲಿನಲ್ಲಿ ಮಾತು ಬದಲಾಗುತ್ತದೆ. ಇಲ್ಲಿ ಬರೆಯಬೇಕಾದದ್ದು, “ನನಗೆ ಮತ್ತೆ ಹಾಗಾಗುತ್ತಿದೆ” ಎಂದು ಬಾಯಿ ಬಿಟ್ಟು ಹೇಳಬಹುದಾದವರ ಹೆಸರು. ಹೊರಗೆ ಕುಳಿತಿದ್ದ ಹೆಂಡತಿಯ ಹೆಸರೇ ಮೊದಲು ಬರುತ್ತದೆಂದು ಯಾರಾದರೂ ಭಾವಿಸುತ್ತಾರೆ. ಬರಲಿಲ್ಲ. “ಅವಳಿಗೆ ಹೇಳೋಕೆ ಆಗಲ್ಲ. ಆವತ್ತು ಅವಳ ಮುಖ ನೋಡಿದೀನಿ.” ಬಲವಂತ ಮಾಡಿದ್ದರೆ ಅವರು ಹೆಂಡತಿಯ ಹೆಸರನ್ನು ಬರೆಯುತ್ತಿದ್ದರು, ಆದರೆ ಎಬ್ಬಿಸುತ್ತಿರಲಿಲ್ಲ. ಹಾಳೆಯಲ್ಲಿ ಇರಬೇಕಾದವರು ಹತ್ತಿರದ ಸಂಬಂಧಿಗಳೇ ಆಗಬೇಕಿಲ್ಲ. ನಿಜವಾಗಿ ಕರೆಯಬಲ್ಲಂಥವರು ಆಗಿರಬೇಕು. ಅವರು ಬರೆದದ್ದು ಒಂಟಿಕೊಪ್ಪಲಿನಲ್ಲಿರುವ ಅಕ್ಕನ ಹೆಸರು. “ಬೈತಾಳೆ. ಆದ್ರೆ ಬರ್ತಾಳೆ.”

ಹೆಸರು ಬರೆದರೆ ಮುಗಿಯಲಿಲ್ಲ. ಆ ಹೊತ್ತಿನಲ್ಲಿ ಫೋನು ಹಚ್ಚಿ ಏನು ಹೇಳಬೇಕೆಂದು ತೋಚದೆ “ಸುಮ್ನೆ ಮಾಡ್ದೆ ಅಕ್ಕ” ಎಂದು ಇಟ್ಟುಬಿಡುವವರುಂಟು. ಆದ್ದರಿಂದ ವಾಕ್ಯವನ್ನೇ ಬರೆದಿಟ್ಟರು: “ಅಕ್ಕಾ, ಮತ್ತೆ ಹಾಗೇ ಆಗ್ತಿದೆ, ಬಾ.” ಅವರ ಒಪ್ಪಿಗೆಯ ಮೇಲೆ ಅಲ್ಲಿಂದಲೇ ಅಕ್ಕನಿಗೆ ಕರೆ ಮಾಡಿದರು. ಆಕೆಗೆ ತಾನು ಈ ಪಟ್ಟಿಯಲ್ಲಿ ಇರುವುದು ತಿಳಿದಿರಬೇಕು. ರಾತ್ರಿ ಫೋನಿನ ಸದ್ದು ಮುಚ್ಚಿಡದೆ ಮಲಗಬೇಕು. ಕರೆ ಬಂದಾಗ ಮೊದಲು ಬೈಯದೆ ಹೊರಟು ಬರಬೇಕು. ಆಕೆ ಅತ್ತರು, ಅತ್ತು, “ಆಟೋದವನ ನಂಬರ್ ಕೂಡ ಇಟ್ಕೋತೀನಿ” ಎಂದರು. ಇದು ಭಾವುಕತೆಯ ಮಾತಲ್ಲ, ಯೋಜನೆಯ ಮಾತು.

ಐದನೆಯ ಮೆಟ್ಟಿಲು ವೃತ್ತಿಪರ ನೆರವು. ವೈದ್ಯೆಯ ಹೊರರೋಗಿ ವಿಭಾಗದ ಸಂಖ್ಯೆ ಮತ್ತು ಹೊತ್ತು, ಆಸ್ಪತ್ರೆಯ ತುರ್ತು ವಿಭಾಗದ ವಿಳಾಸ, ಇವು ಮೊದಲು. ಆನಂತರ ಟೆಲಿ ಮಾನಸ್. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಈ ಸೇವೆಗೆ 14416 ಎಂಬ ಸಂಖ್ಯೆ. ಹಗಲು ರಾತ್ರಿ ದೊರೆಯುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. ಅಪಾಯ ಕಣ್ಣೆದುರಿಗೇ ಇದ್ದರೆ 112 ಅಥವಾ ಆಂಬುಲೆನ್ಸಿಗೆ 108. ಒಂದು ಮಾತನ್ನು ರೋಗಿಗೆ ಸ್ಪಷ್ಟವಾಗಿ ಹೇಳಬೇಕು: ಮೆಟ್ಟಿಲುಗಳನ್ನು ಒಂದೊಂದಾಗಿಯೇ ಏರಬೇಕೆಂಬ ನಿಯಮವಿಲ್ಲ. ಅಲೆ ಒಮ್ಮೆಲೇ ಎದ್ದರೆ ಕಾಫಿ, ಕ್ರಿಕೆಟ್ಟುಗಳನ್ನು ಬಿಟ್ಟು ನೇರವಾಗಿ ಐದಕ್ಕೆ ಬರಬೇಕು.

ಇಲ್ಲಿ ಮನೆಯವರ ಇನ್ನೊಂದು ಅಂಜಿಕೆಯನ್ನೂ ತೆಗೆದುಹಾಕಬೇಕು. ಪೊಲೀಸರು, ಮೊಕದ್ದಮೆ ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ಹೋಗಲು ಹಿಂಜರಿಯುವ ಕುಟುಂಬಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ವಿಧಿಯ ಪ್ರಕಾರ, ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು; ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೆಯ ವಿಧಿಯು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ.

ಆರನೆಯ ಮೆಟ್ಟಿಲು ಮನೆಯನ್ನು ಸುರಕ್ಷಿತವಾಗಿಸುವುದು. ಅಪಾಯದ ವಸ್ತು ಕೈಗೆ ಎಟಕದಂತೆ ಮಾಡುವುದೆಂದರ್ಥ. “ಸಾಯಬೇಕೆಂದವನಿಗೆ ಒಂದಿಲ್ಲದಿದ್ದರೆ ಇನ್ನೊಂದು” ಎಂದು ಅನೇಕರು ನಿರಾಶರಾಗಿ ಹೇಳುತ್ತಾರೆ. ಅನುಭವ ಹಾಗೆ ಹೇಳುವುದಿಲ್ಲ. ಶ್ರೀಲಂಕಾದಲ್ಲಿ 1990ರ ದಶಕದಲ್ಲಿ ಅತಿವಿಷದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ, 2005ರ ಹೊತ್ತಿಗೆ ಆ ದೇಶದ ಒಟ್ಟು ಆತ್ಮಹತ್ಯೆಗಳ ಪ್ರಮಾಣವೇ ಸುಮಾರು ಅರ್ಧಕ್ಕೆ ಇಳಿಯಿತು. ಅಲೆ ತುದಿಯಲ್ಲಿರುವಾಗ ಕೈಗೆ ಏನು ಸಿಗುತ್ತದೆಂಬುದರ ಮೇಲೆ ಬಹಳಷ್ಟು ನಿಂತಿದೆ. ನಡುವೆ ಹತ್ತು ನಿಮಿಷದ ಅಡ್ಡಿ ಬಿದ್ದರೂ ಜೀವ ಉಳಿಯಬಹುದು.

ಈ ಮೆಟ್ಟಿಲು ಕೊನೆಯಲ್ಲಿರುವುದಕ್ಕೆ ಕಾರಣವಿದೆ. ಮೊದಲೇ “ಮಾತ್ರೆಗಳನ್ನೆಲ್ಲ ಕೊಟ್ಟುಬಿಡಿ” ಎಂದರೆ, ಇರುವ ಒಂದೇ ಬಾಗಿಲನ್ನೂ ಮುಚ್ಚಿದರೆಂದು ರೋಗಿ ಒಳಗೇ ಮುರುಟಿಕೊಳ್ಳುತ್ತಾನೆ. ಐದು ಬೇರೆ ಬಾಗಿಲುಗಳು ಕಂಡ ಮೇಲೆ ಇದನ್ನು ಮುಚ್ಚಲು ತಾನೇ ಕೈಹಾಕುತ್ತಾನೆ. ವೈದ್ಯೆ ಕೇಳಿದರು: “ಆ ಮಾತ್ರೆಗಳು ಈಗ ಎಲ್ಲಿವೆ? ಬೇರೆ ಯಾವುದಾದರೂ ಮನಸ್ಸಿಗೆ ಬಂದಿತ್ತೇ?” ತಂದೆಯ ಮಾತ್ರೆಗಳನ್ನು ಎಸೆಯುವಂತಿಲ್ಲ, ಅವು ಅವರ ಪ್ರಾಣ. ತಿಂಗಳಿಗಾಗುವಷ್ಟು ಒಟ್ಟಿಗೆ ತಂದು ಅಡುಗೆಮನೆಯ ಗೂಡಿನಲ್ಲಿಡುವುದು ಆ ಮನೆಯ ವಾಡಿಕೆ. ಇನ್ನು ಮುಂದೆ ಅಕ್ಕನ ಮನೆಯಲ್ಲಿ ಬೀಗದ ಪೆಟ್ಟಿಗೆ; ವಾರಕ್ಕೆ ಬೇಕಾದಷ್ಟನ್ನು ಮಾತ್ರ ಆಕೆ ಭಾನುವಾರ ತರುವುದು; ಅದೂ ಹೆಂಡತಿಯ ಬೀರುವಿನಲ್ಲಿರುವುದು. ಇವರಿಗೆ ಬರೆದುಕೊಡುವ ಔಷಧಿಯನ್ನೂ ವೈದ್ಯೆ ಏಳೇ ದಿನಕ್ಕೆ ಬರೆದರು. ಹಳ್ಳಿಯ ಮನೆಯಾಗಿದ್ದರೆ ಹೊಲಕ್ಕೆ ಹೊಡೆಯುವ ಔಷಧದ ವಿಷಯವನ್ನು ಹೀಗೆಯೇ ಇತ್ಯರ್ಥ ಮಾಡಬೇಕಾಗುತ್ತಿತ್ತು: ಮನೆಯಲ್ಲಿ ಇಡದೆ, ಬೇಕಾದ ದಿನ ಬೇಕಾದಷ್ಟೇ ಬೇರೊಬ್ಬರು ತರುವುದು.

ಬೀರುವಿನ ಮಾತು ಬಂದಾಗ ಹೆಂಡತಿಗೆ ತಿಳಿಸದೆ ನಡೆಯದು. “ಅವರನ್ನು ಒಳಗೆ ಕರೆಯಲೇ?” ಎಂದು ವೈದ್ಯೆ ಕೇಳಿದರು. ತುಸು ಹೊತ್ತಿನ ಮೇಲೆ ಅವರು ತಲೆಯಾಡಿಸಿದರು. ಹಾಳೆಯನ್ನು ಹೆಂಡತಿಗೆ ಓದಿದವರು ಅವರೇ. ಡಬ್ಬಿಯ ಸಾಲು ಬಂದಾಗ ಆಕೆ “ಆವತ್ತು ಡಬ್ಬಿ ವಾಪಸು ಬಂದಿದ್ದು ನೋಡಿದ್ದೆ, ಹುಷಾರಿಲ್ಲವೇನೋ ಅಂದ್ಕೊಂಡೆ” ಎಂದರು. ಇನ್ನು ಮೇಲೆ ಆ ತುಂಬಿದ ಡಬ್ಬಿ ಆಕೆಗೂ ಒಂದು ಭಾಷೆ.

ಹಾಳೆ ಕೊನೆಗೆ ಹೀಗಾಯಿತು:

1. ಎಚ್ಚರಿಕೆ: ಡಬ್ಬಿ ತೆಗೆಯದೇ ಇರೋದು. ಫೋನು ತಲೆಕೆಳಗೆ ಇಡೋದು. “ನಾನಿಲ್ದೇ ಇದ್ರೆ ಹಗುರ” ಅನ್ನೋ ಮಾತು ಸುತ್ತೋದು.

2. ನಾನೇ ಮಾಡೋದು: ಫೋನು ಚಾರ್ಜಿಗೆ ಹಾಕಿ ಹಾಲಿನಲ್ಲಿ ಹಳೇ ಮ್ಯಾಚು. ಡಿಕಾಕ್ಷನ್ ಹಾಕಿ ಇಳಿಯೋವರೆಗೆ ಅಲ್ಲೇ ನಿಲ್ಲೋದು.

3. ಮಾತಿಗೆ: ಚಿಕ್ಕಪ್ಪನ ಮಗ. ಬೆಳಗ್ಗೆ ಆದ್ರೆ ಮಾರ್ಕೆಟ್ಟು.

4. ಕರೆಯೋದು: ಅಕ್ಕ. “ಅಕ್ಕಾ, ಮತ್ತೆ ಹಾಗೇ ಆಗ್ತಿದೆ, ಬಾ.”

5. ಡಾಕ್ಟರು, ಆಸ್ಪತ್ರೆ, 14416, 112.

6. ಮಾತ್ರೆ ಅಕ್ಕನ ಹತ್ರ. ವಾರದ್ದು ಇವಳ ಬೀರುವಿನಲ್ಲಿ.

ಹಾಳೆಯ ಕೆಳಗೆ ಒಂದು ಸಾಲಿಗೆ ಜಾಗವಿರುತ್ತದೆ: ಯಾವುದಕ್ಕಾಗಿ ಬದುಕಬೇಕೆನಿಸುತ್ತದೆ ಎಂಬುದಕ್ಕೆ. ಮಕ್ಕಳ ಹೆಸರು ಬರೆಯಲು ಹೊರಟವರು ನಿಲ್ಲಿಸಿ, “ದೊಡ್ಡವಳಿಗೆ ಸೈಕಲ್ಲು ಕಲಿಸೋದು ಅರ್ಧಕ್ಕೆ ನಿಂತಿದೆ” ಎಂದು ಬರೆದರು.

ಬರೆದ ಹಾಳೆ ಎಲ್ಲಿರಬೇಕು? ಬೀರುವಿನ ಕಡತದಲ್ಲಿದ್ದರೆ ಇಲ್ಲದಂತೆಯೇ. ಮೂಲ ಪ್ರತಿ ಅವರ ಅಂಗಿಯ ಜೇಬಿನ ಪರ್ಸಿನಲ್ಲಿ, ಒಂದು ಅಕ್ಕನ ಬಳಿ, ಒಂದು ಆಸ್ಪತ್ರೆಯ ಕಡತದಲ್ಲಿ. ಫೋನಿನಲ್ಲಿ ಅದರ ಚಿತ್ರ. ಮುಂದಿನ ಎರಡು ಮೂರು ದಿನಗಳೊಳಗೆ ಆಸ್ಪತ್ರೆಯಿಂದ ಒಂದು ಕರೆ ಬರುತ್ತದೆ, ಆಮೇಲೆ ವಾರಕ್ಕೊಂದು: ಹೇಗಿದ್ದೀರಿ, ಹಾಳೆಯನ್ನು ತೆಗೆದಿರಾ, ಯಾವ ಸಾಲು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ? ಚಿಕ್ಕಪ್ಪನ ಮಗ ಎರಡು ಸಲ ಕರೆಯನ್ನು ತೆಗೆಯದಿದ್ದರೆ ಆ ಹೆಸರು ಹೋಗಿ ಬೇರೊಂದು ಬರಬೇಕು.

ಇದರಿಂದ ಫಲವೆಷ್ಟು? 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ನಿವೃತ್ತ ಸೈನಿಕರ 9 ತುರ್ತು ವಿಭಾಗಗಳಿಗೆ ಬಂದ 1640 ಮಂದಿಯನ್ನು ಆರು ತಿಂಗಳು ಗಮನಿಸಿದರು. ಹಾಳೆಯನ್ನು ಬರೆದು, ಬಳಿಕ ಫೋನಿನಲ್ಲಿ ವಿಚಾರಿಸಿಕೊಂಡವರಲ್ಲಿ ಮತ್ತೆ ಯತ್ನದಂಥ ನಡವಳಿಕೆ ನೂರಕ್ಕೆ ಸುಮಾರು 3. ಎಂದಿನ ಆರೈಕೆಯಷ್ಟೇ ದೊರೆತವರಲ್ಲಿ ನೂರಕ್ಕೆ ಸುಮಾರು 5. ಚಿಕಿತ್ಸೆಗೆ ಮರಳಿ ಬಂದವರೂ ಮೊದಲನೆಯ ಗುಂಪಿನಲ್ಲಿ ಹೆಚ್ಚು. ಆದರೆ ಯಾರಿಗೆ ಯಾವ ಆರೈಕೆಯೆಂದು ಚೀಟಿಯೆತ್ತಿ ಹಂಚಿದ ಪ್ರಯೋಗ ಇದಾಗಿರಲಿಲ್ಲ. ಹಾಳೆಯ ಪಾಲೆಷ್ಟು, ಫೋನಿನ ಪಾಲೆಷ್ಟು ಎಂದೂ ಅದರಿಂದ ಬೇರ್ಪಡಿಸಿ ಹೇಳಲಾಗದು. ಎರಡೂ ಜತೆಗಿರಬೇಕೆಂಬುದು ಅದರ ಪಾಠ.

ಹಾಳೆಗೆ ಮಿತಿಗಳೂ ಇವೆ. ಅದು ಖಿನ್ನತೆಯ ಔಷಧಿಯಲ್ಲ, ಸಾಲದ ಪರಿಹಾರವೂ ಅಲ್ಲ. ಅವೆರಡಕ್ಕೂ ಬೇರೆ ಕೆಲಸ ನಡೆಯಲೇಬೇಕು. ಅಮಲಿನಲ್ಲಿರುವವರು, ಬುದ್ಧಿಭ್ರಮೆಯಲ್ಲಿ ಇಲ್ಲದ ಧ್ವನಿಗಳನ್ನು ಕೇಳುತ್ತಿರುವವರು ಇದನ್ನು ಬರೆಯಲಾರರು. ಈಗಲೂ ಸಾಯುವ ನಿಶ್ಚಯ ಬಲವಾಗಿರುವವರಿಗೆ ಬೇಕಾದದ್ದು ಹಾಳೆಯಲ್ಲ, ಆಸ್ಪತ್ರೆಯ ಹಾಸಿಗೆ. “ಆಗಲಿ, ಏನಾದರೂ ಬರೆದುಕೊಳ್ಳಿ” ಎಂದು ಎಲ್ಲಕ್ಕೂ ತಲೆಯಾಡಿಸಿ ಬೇಗ ಮನೆಗೆ ಹೊರಡುವ ಆತುರ ತೋರುವವರನ್ನು ವೈದ್ಯರು ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಹಾಳೆ ಕೆಟ್ಟಿದೆಯೆಂದು ತಿಳಿಯಲು ಸುಲಭವಾದ ಗುರುತು ಒಂದಿದೆ: ಹೆಸರನ್ನು ಮುಚ್ಚಿ ಓದಿದಾಗ ಅದು ಯಾರದೂ ಆಗಬಹುದೆನಿಸಿದರೆ, ಅದನ್ನು ಬರೆದವರು ರೋಗಿಯಲ್ಲ.

ಮನೆಯವರು ಮಾಡಬಹುದಾದ ತಪ್ಪೆಂದರೆ ಹಾಳೆಯನ್ನು ಲಾಠಿಯಂತೆ ಹಿಡಿಯುವುದು. “ಬರೆದುಕೊಟ್ಟಿದ್ದೀಯಲ್ಲ, ಮಾಡಿದೆಯಾ?” ಎಂದು ದಿನವೂ ಲೆಕ್ಕ ಕೇಳಿದರೆ ಅದು ಮೂಲೆ ಸೇರುತ್ತದೆ. ಅವರ ಪಾಲಿನ ಕೆಲಸ ಬೇರೆ. ಆಸ್ಪತ್ರೆಯಿಂದ ಹೊರಡುವ ಮುನ್ನ ಇಂಥ ಹಾಳೆಯೊಂದನ್ನು ರೋಗಿಯ ಜತೆ ಕುಳಿತು ಬರೆಸುವಂತೆ ವೈದ್ಯರನ್ನು ಕೇಳುವುದು. ಮುಂದಿನ ಭೇಟಿಯ ದಿನಾಂಕ ತಿಳಿದುಕೊಳ್ಳದೆ ಹೊರಡದಿರುವುದು. ಆರನೆಯ ಸಾಲನ್ನು ರೋಗಿ ಮನೆಗೆ ಬರುವ ಮೊದಲೇ ಮಾಡಿ ಮುಗಿಸುವುದು. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಮೊದಲನೆಯ ಸಾಲು ತಮ್ಮದೇ ಎನಿಸಿದ್ದರೆ, ಹಾಳೆ ಸಿದ್ಧವಾಗುವವರೆಗೆ ಕಾಯಬೇಕಾಗಿಲ್ಲ. 14416ಕ್ಕೆ ಈಗಲೇ ಕರೆ ಮಾಡಬಹುದು. ಪಕ್ಕದ ಕೋಣೆಯಲ್ಲಿ ಇರುವವರನ್ನು ಈಗಲೇ ಎಬ್ಬಿಸಬಹುದು.